ಒಲೆ ಹೊತ್ತಿದೆ, ಒಳಗೆ ಬನ್ನಿ: ನವರಾತ್ರಿ ಅಡುಗೆಮನೆಯ ಬೋರ್ಡ್

ಸಮುದಾಯ ಭವನದ ಹಿಂಬದಿ ಅಡುಗೆಮನೆ, ದಾವಣಗೆರೆ. ಘಟಸ್ಥಾಪನೆಯಿಂದ ಶೀಗಿ ಹುಣ್ಣಿಮೆವರೆಗೆ ದಿನಾ ರಾತ್ರಿ 7ರಿಂದ 9ರವರೆಗೆ ಊಟ. ಚೀಟಿ ಇಲ್ಲ, ಕೂಪನ್ ಇಲ್ಲ, ಯಾರ ಮನೆಯವರು ಅಂತ ಯಾರೂ ಕೇಳಲ್ಲ. ಸಾಲಿನಲ್ಲಿ ನಿಂತಾಗ ಸುಮ್ನೆ ಫೋನ್ ನೋಡೋ ಬದಲು ಇದನ್ನ ಓದಿ. ದಿನಕ್ಕೊಂದು ಮಾತು, ಜೊತೆಗೆ ನಮ್ಮದೂ ಒಂದೆರಡು ಮಾತು.

ಮೊದಲ ದಿನ

*ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.*

ಬಾಗಿಲ ಪಕ್ಕದ ಸ್ಟೀಲ್ ಡ್ರಮ್ಮು ಅಕ್ಕಿಗೆ. ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿಟ್ಟು, ಡಬ್ಬಿ ತುಂಬಿದಾಗ ಮಠಕ್ಕೆ ಮುಟ್ಟಿಸೋ ಪದ್ಧತಿ ನಮ್ಮ ಅಜ್ಜಿಯರ ಕಾಲದಿಂದಲೂ ಇದೆ. ಮನೆಯಲ್ಲಿ ಒಂದು ಹಿಡಿ ಕಮ್ಮಿಯಾಯ್ತು ಅಂತ ಯಾರಿಗೂ ಗೊತ್ತೇ ಆಗಲ್ಲ. ಹಿಡಿ ಅಂದರೆ ಹೆಚ್ಚುಕಮ್ಮಿ 50 ಗ್ರಾಂ. 20 ಮನೆಯವರು ಹಾಕಿದರೆ 1 ಕೆಜಿ ಆಯ್ತು, 1 ಕೆಜಿ ಅಂದರೆ ಎಂಟ್ಹತ್ತು ಜನರ ಎಲೆಗೆ ಅನ್ನ ಬಂತು. ಮೂಟೆ ಕಳಿಸುವವರು ಕಳಿಸಲಿ, ಖುಷಿಯೇ. ಆದರೆ ಹಿಡಿ ತರುವವರು "ಇಷ್ಟೇ ತಂದೆ" ಅಂತ ಸಂಕೋಚ ಪಟ್ಟು ಡ್ರಮ್ಮಿನ ಹತ್ತಿರ ಯಾರೂ ಇಲ್ಲದಾಗ ಹಾಕಿ ಹೋಗೋದು ಬೇಡ. ಎದುರಿಗೇ ಬಂದು ಹಾಕಿ, ಕೂತು ಉಂಡು ಹೋಗಿ.

ಎರಡನೇ ದಿನ

*ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ.*

ಸರ್ವಜ್ಞನ ಮಾತು. ಕೊಟ್ಟಿದ್ದು ಕೆಟ್ಟಿತು ಅನ್ನಬೇಡ, ಅದು ಮುಂದಕ್ಕೆ ಕಟ್ಟಿದ ಬುತ್ತಿ ಅಂತಾನೆ. ಹಬ್ಬದಲ್ಲಿ ಬಂದ ಸ್ವೀಟ್ ಬಾಕ್ಸು ಫ್ರಿಜ್ಜಿನ ಮೂಲೆ ಸೇರಿದ್ದರೆ ಅದು ಬೂಸ್ಟು ಹಿಡಿಯೋ ಮುಂಚೆ ಇಲ್ಲಿಗೆ ತನ್ನಿ. ಮಕ್ಕಳ ಪಂಕ್ತಿ ಏಳೂವರೆಗೆ ಕೂರುತ್ತೆ.

ಮೂರನೇ ದಿನ

*ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು!*

ಈ ಗಾದೆ ಎಲ್ಲರಿಗೂ ಬಾಯಿಪಾಠ, ಎಲ್ಲ ಮದುವೆ ಮನೆಯಲ್ಲೂ ನಿಜ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಇದು ಸುಳ್ಳಾಗಬೇಕು ಅಂತಲೇ ಬೋರ್ಡಿನಲ್ಲಿ ದಪ್ಪಗೆ ಬರೆದಿದ್ದೇವೆ. ಬಡಿಸುವವರೇ, ನಿಮ್ಮ ಭಾವ ಬಂದು ಕೂತರೂ ಒಂದೇ ಹೋಳಿಗೆ, ರಸ್ತೆಯಲ್ಲಿ ಬಲೂನ್ ಮಾರುವ ಅಣ್ಣ ಬಂದು ಕೂತರೂ ಒಂದೇ ಹೋಳಿಗೆ. ಕಣ್ಣಿನಲ್ಲೇ ಸನ್ನೆ ಮಾಡಿ ತುಪ್ಪದ ಮಿಳ್ಳೆ ಇನ್ನೊಂದು ಸಲ ಬಗ್ಗಿಸೋದು ಎಲ್ಲರಿಗೂ ಕಾಣುತ್ತೆ, ಎದುರು ಸಾಲಿನ ಮಗುವಿಗೆ ಮೊದಲು ಕಾಣುತ್ತೆ. ಇನ್ನೊಂದು ಮಾತು. ಸೌಟು ಹಿಡಿದವರು ಪಂಕ್ತಿಯ ಆ ತುದಿಯಿಂದ ಒಂದು ಸಲ, ಈ ತುದಿಯಿಂದ ಒಂದು ಸಲ ಶುರು ಮಾಡಿ. ಪಲ್ಯದಲ್ಲಿ ಒಗ್ಗರಣೆ, ಕೊಬ್ಬರಿ ಎಲ್ಲಾ ಮೇಲಿರುತ್ತೆ, ಯಾವಾಗಲೂ ಅದೇ ತುದಿಯವರಿಗೆ ಹೋದರೆ ಕೊನೆಯವರಿಗೆ ಬರೀ ತಳ.

ನಾಲ್ಕನೇ ದಿನ

*ಈಸಕ್ಕಿಯಾಸೆ ನಿಮಗೇಕೆ?*

ಇದು ಗಾದೆ ಅಲ್ಲ, ಒಬ್ಬ ಹೆಣ್ಣುಮಗಳು ಗಂಡನಿಗೆ ಕೇಳಿದ ಪ್ರಶ್ನೆ. 12ನೇ ಶತಮಾನ, ಕಲ್ಯಾಣ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಹೆಂಡತಿ ಲಕ್ಕಮ್ಮ ಅದರಲ್ಲೇ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಮಾರಯ್ಯ ದಿನದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಬಡವರ ಮನೆಗೆ ಜಾಸ್ತಿ ಅಕ್ಕಿ ಬಂದರೆ ಯಾರಿಗಾದರೂ ಖುಷಿಯೇ ಅಲ್ವಾ? ಲಕ್ಕಮ್ಮನಿಗೆ ಆಗಲಿಲ್ಲ. ಆಸೆ ಅನ್ನೋದು ಅರಸರಿಗೆ ಸರಿ, ಶಿವಭಕ್ತರಿಗೆ ಯಾಕೆ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು.

ದೊಡ್ಡ ಮನೆಯವರು ಕೊಟ್ಟ ಕಥೆಗಳು ಎಲ್ಲ ಕಡೆ ಸಿಗುತ್ತವೆ. ಇಲ್ಲಿ ಕೊಡುವವರೇ ಆಯ್ದು ತಿನ್ನುವವರು. ಅವರ ಲೆಕ್ಕ ಕೊಡುವ ಕಡೆಯಿಂದ ಶುರುವಾಗಲ್ಲ, ತಗೊಳ್ಳುವ ಕಡೆಯಿಂದ ಶುರುವಾಗುತ್ತೆ: ಇವತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ನಾನು ಎತ್ತಿಕೊಂಡರೆ ಅದು ಇನ್ನೊಬ್ಬರ ಪಾಲು. ಅದಕ್ಕೇ ಇದನ್ನ ಉಗ್ರಾಣದ ಬಾಗಿಲಿಗೂ ಅಂಟಿಸಿದ್ದೇವೆ. ಪಾರ್ಸೆಲ್ ಕೇಳುವವರು ಮನೆಯಲ್ಲಿ ಹುಷಾರಿಲ್ಲದವರಿಗೆ, ಎದ್ದು ಬರಲಾಗದ ವಯಸ್ಸಾದವರಿಗೆ, ರಾತ್ರಿ ಪಾಳಿಗೆ ಹೋದವರಿಗೆ ಎಷ್ಟು ಬೇಕೋ ಅಷ್ಟು ಕೇಳಿ, ಖಂಡಿತ ಕೊಡ್ತೀವಿ. ನಾಳೆ ಬೆಳಿಗ್ಗೆ ತಿಂಡಿಗೂ ಆಗಲಿ ಅಂತ ನಾಲ್ಕು ಡಬ್ಬಿ ಹಿಡಿದು ಬರೋದು ಬೇಡ.

ಐದನೇ ದಿನ

*ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು.*

ಇವತ್ತು ಸಾರಿಗೆ ಉಪ್ಪು ಒಂಚೂರು ಕಮ್ಮಿ. ಉಪ್ಪಿನ ಬಟ್ಟಲು ಕಿಟಕಿ ಹತ್ತಿರ ಇದೆ.

ಆರನೇ ದಿನ

*ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು.*

ಇವತ್ತು ಗೋಧಿ ಹುಗ್ಗಿ. ಬೆಲ್ಲ, ಕೊಬ್ಬರಿ, ಗಸಗಸೆ ಎಲ್ಲಾ ಬಿದ್ದಿದೆ, ಘಮ ಗೇಟಿನ ತನಕ ಹೋಗಿದೆ. ಅದಕ್ಕೇ ಭಯ. ಮೊದಲ ಸಲಕ್ಕೇ ಎರಡು ಸೌಟು ಹಾಕಿಸಿಕೊಂಡು, ಅರ್ಧ ತಿಂದು, ಎಲೆ ಮಡಚಿ ಮುಚ್ಚಿಟ್ಟು ಏಳುವವರು ಪ್ರತಿ ಸಿಹಿಯ ದಿನವೂ ಇರ್ತಾರೆ. ಎಲೆ ಮಡಚಿದರೆ ಬಡಿಸಿದವರಿಗೆ ಕಾಣಲ್ಲ, ಆದರೆ ಎಲೆ ಎತ್ತುವ ಅಕ್ಕನಿಗೆ ಭಾರದಲ್ಲೇ ಗೊತ್ತಾಗುತ್ತೆ. ಅರ್ಧ ಸೌಟು ಹಾಕಿಸಿಕೊಳ್ಳಿ, ಬೇಕಾದರೆ ಮತ್ತೆ ಕೇಳಿ, ಮೂರು ಸಲ ಕೇಳಿದರೂ ಯಾರೂ ಮುಖ ಸಿಂಡರಿಸಲ್ಲ. ಬಡಿಸುವವರೂ ಅಷ್ಟೇ, ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದವರ ಬೆರಳಿನ ಸಂದಿಯಲ್ಲಿ ಸುರಿಯೋದನ್ನ ಉಪಚಾರ ಅಂದುಕೊಳ್ಳಬೇಡಿ.

ಏಳನೇ ದಿನ

*ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ.*

ದುಡ್ಡು ಕೊಡೋಕೆ ಜನ ಇದ್ದಾರೆ, ಹೆಸರು ಬರೆಸೋಕೂ ಇದ್ದಾರೆ. ಈರುಳ್ಳಿ ಹೆಚ್ಚೋಕೆ ಜನ ಕಮ್ಮಿ. ಸಂಜೆ 4 ಗಂಟೆಗೆ ಬಂದು ಒಂದು ಗಂಟೆ ಕೂತು ಹೋದರೆ ಸಾಕು. ಇಳಿಗೆ ಮಣೆ, ಚಾಕು ಎರಡೂ ಇವೆ. ಕಾಯಿ ತುರಿಯೋಕೆ, ಕೊತ್ತಂಬರಿ ಸೋಸೋಕೆ, ಎಲೆ ಒರೆಸೋಕೆ ಕೈ ಬೇಕು.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಬಂದವರನ್ನ ಕೇಳಿ ನೋಡಿ. ಅಲ್ಲಿನ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಒಟ್ಟು ಮಾಡ್ತಾರೆ, ಊರಿನವರು ಬಂಡಿ, ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು ಬರ್ತಾರೆ. ಯಾವ ರೊಟ್ಟಿ ಯಾರ ಮನೇದು ಅಂತ ಹೇಳೋಕೆ ಆಗಲ್ಲ, ಎಲ್ಲಾ ಒಂದೇ ರಾಶಿ. ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ಬೇಡ. ಮನೆಗೆ ಐದು ರೊಟ್ಟಿ ಬಂದರೆ ಒಂದು ರಾತ್ರಿ ಅಡುಗೆಯವರ ಸೊಂಟಕ್ಕೆ ರಜಾ.

ದುರ್ಗಾಷ್ಟಮಿ

*ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.*

ಓದಿ ನಗಬೇಡಿ, ಇದು ಪಾತ್ರೆ ಕೊಟ್ಟವರ ಸಲುವಾಗಿ. ಹೋದ ವರ್ಷದ ಹಬ್ಬ ಮುಗಿದ ಮೇಲೆ ಎರಡು ಪರಾತ, ಒಂದು ಹಿತ್ತಾಳೆ ಬೋಗುಣಿ ಯಾರದು ಅಂತ ತಿಳಿಯದೇ ಅಟ್ಟದ ಮೇಲೇ ಉಳಿದವು. ಕೊಟ್ಟವರು ಕೇಳೋಕೆ ನಾಚಿಕೊಂಡರು ಅಂತ ಕಾಣುತ್ತೆ. ಈ ಸಲ ಪ್ರತಿ ಪಾತ್ರೆಯ ಹಿಡಿಗೆ ದಾರದಲ್ಲಿ ಚೀಟಿ ಕಟ್ಟಿದ್ದೇವೆ, ಪುಸ್ತಕದಲ್ಲೂ ಬರೆದಿದ್ದೇವೆ. ಕೊಟ್ಟಿದ್ದನ್ನ ವಾಪಸ್ ಕೇಳೋದು ಜಿಪುಣತನ ಅಲ್ಲ. ದಯವಿಟ್ಟು ಕೇಳಿ.

ಮಹಾನವಮಿ, ಆಯುಧ ಪೂಜೆ

*ಕಾಗೆ ಒಂದಗುಳ ಕಂಡಡೆ ಕರೆಯದೆ ತನ್ನ ಬಳಗವನು?*

ಬಸವಣ್ಣನವರ ವಚನದ ಸಾಲು. ಇದರ ಕೆಳಗೇ ಒಬ್ಬ ಕಾಲೇಜು ಹುಡುಗ "ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಗಮನಿಸಿ" ಅಂತ ಸೀಮೆಸುಣ್ಣದಲ್ಲಿ ಸೇರಿಸಿದ್ದಾನೆ. ಅಳಿಸೋಣ ಅಂದುಕೊಂಡೆವು, ಚೆನ್ನಾಗಿದೆ ಅಂತ ಬಿಟ್ಟೆವು.

ಬೆಳಿಗ್ಗೆ 10ಕ್ಕೆ ಸೌಟು, ಜಾಲರಿ, ಗ್ರೈಂಡರ್, ಗ್ಯಾಸ್ ಒಲೆ ಎಲ್ಲಕ್ಕೂ ಪೂಜೆ. ಎಲೆ, ಕಸ ಸಾಗಿಸುವ ತಳ್ಳುಗಾಡಿಗೂ ಹಾರ ಇದೆ, ಅದಕ್ಕೇ ಮೊದಲು. ಆಟೋ ಪೂಜೆ ಮುಗಿಸಿದ ಅಣ್ಣಂದಿರು, ಪೌರಕಾರ್ಮಿಕರು, ಬಸ್ ಸ್ಟ್ಯಾಂಡಿನ ಹಮಾಲರು ಮಧ್ಯಾಹ್ನ 1 ಗಂಟೆಗೆ ಬನ್ನಿ, ಇವತ್ತು ಮಾತ್ರ ಎರಡು ಹೊತ್ತು ಊಟ. ನಿಮ್ಮ ಪಂಕ್ತಿಗೆ ನಾವು ಬಡಿಸ್ತೀವಿ, ನೀವು ಎಲೆ ಎತ್ತೋ ಹಾಗಿಲ್ಲ.

ವಿಜಯದಶಮಿ

*ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ.*

ಬನ್ನಿ ಮುಡಿದು ಬಂದವರು ಎಲೆ ಕೊಡುವಾಗ ಎಲ್ಲರೂ ಹೇಳುವ ಮಾತು. ಚಿಕ್ಕವರು ದೊಡ್ಡವರ ಕೈಗೆ ಎಲೆ ಇಟ್ಟು ಕಾಲಿಗೆ ನಮಸ್ಕಾರ ಮಾಡ್ತಾರೆ, ವರ್ಷವೆಲ್ಲ ಮಾತು ಬಿಟ್ಟವರೂ ಇವತ್ತು ಒಬ್ಬರ ಮನೆಗೊಬ್ಬರು ಹೋಗ್ತಾರೆ. ಇದರಲ್ಲಿ ಕೊಟ್ಟವರ್‍ಯಾರು, ತಗೊಂಡವರ್‍ಯಾರು ಅಂತ ಲೆಕ್ಕ ಹಾಕೋಕೆ ಆಗಲ್ಲ, ಯಾಕಂದ್ರೆ ಇಬ್ಬರ ಕೈಯಲ್ಲೂ ಅದೇ ಎಲೆ. ನೀರಿನ ಪಾಳಿಗೆ ಜಗಳ ಆಡಿದ ಎರಡು ಮನೆಯವರು (ಯಾರು ಅಂತ ಬರೆಯಲ್ಲ, ಓಣಿಗೆಲ್ಲಾ ಗೊತ್ತು) ಇವತ್ತು ಒಂದೇ ಪಂಕ್ತಿಯಲ್ಲಿ ಕೂತರೆ ಇಬ್ಬರಿಗೂ ಒಂದೊಂದು ಹೋಳಿಗೆ ಜಾಸ್ತಿ. ಮೂರನೇ ದಿನದ ನಿಯಮಕ್ಕೆ ಇದೊಂದೇ ವಿನಾಯಿತಿ.

ಏಕಾದಶಿಯಿಂದ ಚತುರ್ದಶಿ

*ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು.*

ನಿಜ, ಎಮ್ಮೆ ಆದರೆ ಎಣಿಸಲ್ಲ. ಬೇಳೆ ಆದರೆ ಎಣಿಸ್ತೀವಿ. ಹುಳ ಬಿದ್ದ ಬೇಳೆ, ತಾರೀಖು ಮುಗಿದ ಎಣ್ಣೆ, ಕಮಟು ವಾಸನೆಯ ಶೇಂಗಾ ಇವನ್ನೆಲ್ಲಾ "ಹೇಗೂ ದಾಸೋಹಕ್ಕೆ ಅಲ್ವಾ" ಅಂತ ಕಳಿಸಬೇಡಿ. ನಿಮ್ಮ ಮನೆಯ ಎಲೆಗೆ ಏನು ಹಾಕ್ತೀರೋ ಅದನ್ನೇ ಇಲ್ಲಿಗೂ ಕೊಡಿ. ಸೊಟ್ಟ ಸೌತೆಕಾಯಿ, ಸಣ್ಣ ಈರುಳ್ಳಿ, ಒಡೆದ ಬೆಲ್ಲದಚ್ಚು ಪರವಾಗಿಲ್ಲ, ಹೆಚ್ಚಿದ ಮೇಲೆ ಎಲ್ಲಾ ಒಂದೇ.

ಈ ನಾಲ್ಕು ದಿನ ಮಕ್ಕಳ ಕೈಗೆ ಬೋರ್ಡು. ಅಜ್ಜಿ ಹೇಳಿದ ಮಾತು ಯಾವುದಾದರೂ ಬರೆಯಿರಿ. ಕಾಗುಣಿತ ತಪ್ಪಿದರೆ ಯಾರೂ ತಿದ್ದಬೇಡಿ.

ಶೀಗಿ ಹುಣ್ಣಿಮೆ, ಕೊನೆಯ ಊಟ

*ಹೊಲಕ್ಕೆ ಚರಗ ಚೆಲ್ಲದೆ ನಮಗೆ ತುತ್ತಿಲ್ಲ.*

ಗಾದೆ ಪುಸ್ತಕದಲ್ಲಿ ಹುಡುಕಬೇಡಿ, ಇದು ನಮ್ಮ ಬೋರ್ಡಿನವರೇ ಕಟ್ಟಿದ್ದು. ತೆನೆ ಕಟ್ಟುವ ಹೊತ್ತಿನ ಭೂಮಿಯನ್ನ ಬಸುರಿ ಅಂತ ತಿಳಿದು, ಬಯಕೆಯ ಊಟ ಮಾಡಿಕೊಂಡು ಹೋಗಿ, ಮೊದಲು ಹೊಲದ ತುಂಬ ಚೆಲ್ಲಿ, ಆಮೇಲೆ ಬದುವಿನ ಮೇಲೆ ಕೂತು ಉಣ್ಣುವ ದಿನ. ಇಲಿ, ಹಕ್ಕಿ, ಇರುವೆ ಎಲ್ಲರಿಗೂ ಪಾಲು. ಸಿಟಿಯಲ್ಲಿ ಹೊಲ ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ಓಣಿಯಲ್ಲಿ ಊರ ಕಡೆ ಹೊಲ ಇರುವವರು ಬೆಳಿಗ್ಗೆ ಹೊರಡ್ತಾರೆ, ಟೆಂಪೋದಲ್ಲಿ ಜಾಗ ಇದೆ, ಮಕ್ಕಳನ್ನ ಕಳಿಸಿ. ಬುತ್ತಿಗೆ ಕಡುಬು, ಪುಂಡಿಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ರಾತ್ರಿ ಊಟ ಎಂದಿನಂತೆ 7ಕ್ಕೆ. ಡ್ರಮ್ಮಿನಲ್ಲಿ ಉಳಿದ ಅಕ್ಕಿ ನಾಳೆ ಸರ್ಕಾರಿ ಆಸ್ಪತ್ರೆ ಎದುರು ರೋಗಿಗಳ ಕಡೆಯವರಿಗೆ ಊಟ ಹಾಕುವವರಿಗೆ ಹೋಗುತ್ತೆ. ಪಾತ್ರೆಗಳನ್ನ ತೊಳೆದು ಜಗಲಿ ಮೇಲೆ ಬೋರಲು ಹಾಕಿರ್ತೀವಿ, ನಾಳೆ ಬೆಳಿಗ್ಗೆ 11ರೊಳಗೆ ಚೀಟಿ ನೋಡಿ ತಗೊಂಡು ಹೋಗಿ. ಹೋದ ವರ್ಷದ ಹಿತ್ತಾಳೆ ಬೋಗುಣಿಯನ್ನೂ ಅಲ್ಲೇ ಇಟ್ಟಿರ್ತೀವಿ, ಅದರ ಅಂಚಿನಲ್ಲಿ ಸಣ್ಣ ತಗ್ಗು ಇದೆ, ನಿಮ್ಮದಾದರೆ ಗುರುತು ಸಿಗುತ್ತೆ.