ಬಾರ್ ಮಿಲ್ಲಿನ ಕೆಲಸ: ಫರ್ನೇಸಿನಿಂದ ಕೂಲಿಂಗ್ ಬೆಡ್‌ವರೆಗೆ
(ಹೊಸ ಆಪರೇಟರುಗಳಿಗೆ, ಕಾರವಾರದ ತರಬೇತಿ ತಂಡಕ್ಕಾಗಿ ಕನ್ನಡದಲ್ಲಿ)

ಮೊದಲು ಅನುವಾದದ ಬಗ್ಗೆ ಎರಡು ಮಾತು. ನಿಮಗೆ ಕೊಟ್ಟಿರುವ ಇಂಗ್ಲಿಷ್ ಪುಸ್ತಿಕೆಯ ವಿಷಯವೇ ಇಲ್ಲೂ ಇದೆ. ಆದರೆ ಸಾಲಿಗೆ ಸಾಲು ಇಟ್ಟಿಲ್ಲ. ಕಾರವಾರ, ಅಂಕೋಲಾ, ಶಿರಸಿಯಿಂದ ಬಂದ ನೀವು ಇನ್ನೊಂದು ತಿಂಗಳಲ್ಲಿ ಬಳ್ಳಾರಿ ಕಡೆಯ ಮಿಲ್ಲಿನಲ್ಲಿ ನಿಲ್ಲುತ್ತೀರಿ. ಅಲ್ಲಿ ಬಿಲೆಟ್‌ಗೆ ಬಿಲೆಟ್ ಅಂತಲೇ ಕರೆಯುತ್ತಾರೆ. ಸ್ಟ್ಯಾಂಡ್, ರೋಲ್, ಪಾಸ್, ಗೈಡ್, ಕಾಬಲ್, ಎಲ್ಲ ಹಾಗೆಯೇ. ನಾನು ಅವಕ್ಕೆ ಹೊಸ ಕನ್ನಡ ಪದ ಕಟ್ಟಿಕೊಟ್ಟರೆ ಮಿಲ್ಲಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಕೆಲವು ಪದಗಳಂತೂ ಅನುವಾದ ಮಾಡಿದರೆ ದಾರಿ ತಪ್ಪಿಸುತ್ತವೆ. ಸೋಕಿಂಗ್ ಅಂದರೆ ನೆನೆಸುವುದಲ್ಲ. ರಫಿಂಗ್ ಅಂದರೆ ಒರಟು ಕೆಲಸ ಅಂತಲೂ ಅಲ್ಲ. ಅಲ್ಲಿ ತಪ್ಪಿದ್ದು ಕೊನೆಯವರೆಗೂ ಸರಿಯಾಗುವುದಿಲ್ಲ.

ಉದಾಹರಣೆಗೆ ಒಂದೇ ಸೈಜ್ ಹಿಡಿದುಕೊಳ್ಳೋಣ: 16 ಮಿ.ಮೀ. ಟಿಎಂಟಿ ಸರಳು. ಮಿಲ್ಲಿನಲ್ಲಿ 18 ಸ್ಟ್ಯಾಂಡ್, ಒಂದೊಂದರಲ್ಲೂ ಬಾರನ್ನು ಒತ್ತುವ ಎರಡು ರೋಲು. ಮೊದಲ ಆರು ರಫಿಂಗ್, ನಡುವಿನ ಆರು ಇಂಟರ್‌ಮೀಡಿಯೆಟ್, ಕೊನೆಯ ಆರು ಫಿನಿಶಿಂಗ್. ಬಿಲೆಟ್ ಅಂದರೆ ನಾವು ಕಾಯಿಸಿ ಒತ್ತುವ ಉಕ್ಕಿನ ತುಂಡು: 150 ಮಿ.ಮೀ. ಚೌಕ, ಉದ್ದ 12 ಮೀಟರ್, ತೂಕ ಸುಮಾರು 2.1 ಟನ್.

ರೀಹೀಟಿಂಗ್ ಫರ್ನೇಸ್

ತಣ್ಣಗಿನ ಬಿಲೆಟ್ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಸುಮಾರು ಎರಡು ಗಂಟೆಯ ಮೇಲೆ ಇನ್ನೊಂದು ಕಡೆಯಿಂದ ಕಾದು ಹೊರಬರುತ್ತದೆ. ನಮ್ಮದು ವಾಕಿಂಗ್ ಬೀಮ್ ಫರ್ನೇಸ್. ಬೀಮು ಬಿಲೆಟ್‌ಗಳನ್ನು ಎತ್ತುತ್ತದೆ, ಮುಂದೆ ಒಯ್ಯುತ್ತದೆ, ಇಳಿಸುತ್ತದೆ, ಖಾಲಿಯಾಗಿ ಹಿಂದೆ ಬರುತ್ತದೆ. ಹಳೆಯ ಪುಷರ್ ಫರ್ನೇಸಿನಲ್ಲಿ ಹಿಂದಿನ ಬಿಲೆಟ್ ಮುಂದಿನದನ್ನು ದೂಡಬೇಕು. ಮರಳಿನ ಮೇಲೆ ದೋಣಿಯನ್ನು ಎಳೆದುಕೊಂಡು ಹೋಗುವುದಕ್ಕೂ ನಾಲ್ಕು ಜನ ಎತ್ತಿ ಇಡುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹೇಳಬೇಕಾಗಿಲ್ಲ. ಎಳೆದರೆ ತಳ ತರಚುತ್ತದೆ.

ಒಳಗೆ ಮೂರು ಜೋನ್. ಪ್ರೀಹೀಟಿಂಗ್ ಜೋನಿನಲ್ಲಿ ನಿಧಾನವಾಗಿ ಬಿಸಿ ಏರಬೇಕು. ಹೀಟಿಂಗ್ ಜೋನಿನಲ್ಲಿ ಬರ್ನರುಗಳ ಜೋರು. ಕೊನೆಯದು ಸೋಕಿಂಗ್. ಇಲ್ಲಿ ಬಿಸಿ ಹೆಚ್ಚಿಸುವುದಕ್ಕಿಂತ ಸಮ ಮಾಡುವುದೇ ಮುಖ್ಯ. ಮೈ ಕಾದು ಹೊಟ್ಟೆ ತಣ್ಣಗಿದ್ದರೆ ಆಗುವುದಿಲ್ಲ. ಶಿರಸಿಯವರಿಗೆ ತೊಡದೇವು ಗೊತ್ತಲ್ವಾ? ಬೋರಲು ಹಾಕಿದ ಮಡಕೆ ಎಲ್ಲ ಕಡೆ ಒಂದೇ ಹದಕ್ಕೆ ಕಾಯದಿದ್ದರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಏಳುವುದೇ ಇಲ್ಲ. ಬಿಲೆಟ್ಟಿನದೂ ಅದೇ ಕಥೆ.

ಹೊರಬರುವಾಗ ಬಿಲೆಟ್ 1150ರಿಂದ 1200 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಣ್ಣ ಹಳದಿಗೆ ತಿರುಗಿದ ಕಿತ್ತಳೆ. ಬರೀ ಕೆಂಪಗಿದ್ದರೆ ತಣ್ಣಗಿದೆ ಅಂತಲೇ ಅರ್ಥ. ಆದರೆ ಕಣ್ಣನ್ನು ನಂಬಿ ಕೂರಬೇಡಿ. ಹಗಲು ಪಾಳಿಯ ಬೆಳಕಿನಲ್ಲಿ ಕಾಣುವ ಬಣ್ಣವೇ ಬೇರೆ, ರಾತ್ರಿ ಕಾಣುವುದೇ ಬೇರೆ. ಪೈರೋಮೀಟರ್ ಓದಿ. ಅದೂ ಪೂರ್ತಿ ಸಾಚಾ ಅಲ್ಲ, ಮೇಲೆ ಸ್ಕೇಲ್ ಎದ್ದು ನಿಂತಿದ್ದರೆ ಕಡಿಮೆ ತೋರಿಸುತ್ತದೆ.

ಸ್ಕೇಲ್ ಅಂದರೆ ಬಿಸಿ ಕಬ್ಬಿಣ ಗಾಳಿಯ ಆಕ್ಸಿಜನ್ ಜೊತೆ ಸೇರಿ ಆಗುವ ಕಪ್ಪು ಹೊಪ್ಪಳೆ. ಅದು ಕಸವಲ್ಲ, ನಾವು ದುಡ್ಡು ಕೊಟ್ಟು ತಂದ ಉಕ್ಕು. ಬರ್ನರಿಗೆ ಗಾಳಿ ಜಾಸ್ತಿ ಬಿಟ್ಟರೆ ಸ್ಕೇಲ್ ಜಾಸ್ತಿ. ಗಾಳಿ ಕಡಿಮೆಯಾದರೆ ಗ್ಯಾಸ್ ಪೂರ್ತಿ ಉರಿಯದೆ ಹಾಗೇ ಹೋಗುತ್ತದೆ. ಫರ್ನೇಸ್ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಚೂರು ಹೆಚ್ಚಿರಬೇಕು. ಕಡಿಮೆಯಾದರೆ ಬಾಗಿಲ ಸಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ತೀರ ಹೆಚ್ಚಾದರೆ ಅದೇ ಸಂದಿನಿಂದ ಬೆಂಕಿಯ ನಾಲಿಗೆ ಹೊರಗೆ ಬರುತ್ತದೆ.

ಮುಂದೆ ಮಿಲ್ ನಿಂತರೆ ಫರ್ನೇಸಿನವರು ಸುಮ್ನೆ ಕೂರುವಂತಿಲ್ಲ. ಜೋನುಗಳ ಬಿಸಿ ಇಳಿಸಬೇಕು. ಇಲ್ಲದಿದ್ದರೆ ಒಳಗಿನ ಬಿಲೆಟ್‌ಗಳು ಸ್ಕೇಲ್ ಕಟ್ಟುತ್ತಾ ಕೂರುತ್ತವೆ, ಬಿಸಿ ಮಿತಿ ಮೀರಿದರೆ ಸ್ಕೇಲ್ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಗ್ಯಾಸಿನ ವಿಷಯ ಇಂಗ್ಲಿಷ್ ಪುಸ್ತಿಕೆಯಲ್ಲಿ ಎರಡೇ ಸಾಲು. ಅದು ನನಗೆ ಸರಿ ಅನ್ನಿಸಲಿಲ್ಲ. ಬ್ಲಾಸ್ಟ್ ಫರ್ನೇಸಿನಿಂದ ಬರುವ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಎದೆಗೆ ಸಿಕ್ಕಿಸಿದ ಡಿಟೆಕ್ಟರ್ ಕೂಗಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಅಡ್ಡವಾಗಿ ಅಥವಾ ಎದುರಾಗಿ ನಡೆದು ಹೊರಗೆ ಬನ್ನಿ. ಗೆಳೆಯ ಒಳಗೆ ಬಿದ್ದಿದ್ದಾನೆ ಅಂತ ಉಸಿರಾಟದ ಸೆಟ್ ಇಲ್ಲದೆ ಓಡಬೇಡಿ. ಹಾಗೆ ಓಡಿದರೆ ಬೀಳುವವರು ಇಬ್ಬರಾಗುತ್ತಾರೆ.

ರಫಿಂಗ್: ಒಂದರಿಂದ ಆರು

ಫರ್ನೇಸಿನಿಂದ ಬಂದ ಬಿಲೆಟ್ ಮೊದಲು ಡೀಸ್ಕೇಲರ್ ಕೆಳಗೆ ಹಾಯುತ್ತದೆ. ಭಾರೀ ಒತ್ತಡದ ನೀರು ಸ್ಕೇಲನ್ನು ಸಿಡಿಸಿ ತೆಗೆಯುತ್ತದೆ. ಒಂದು ನಾಝಲ್ ಕಟ್ಟಿಕೊಂಡಿದ್ದರೂ ಆ ಪಟ್ಟಿಯಲ್ಲಿ ಉಳಿದ ಸ್ಕೇಲನ್ನು ರೋಲ್ ಒಳಕ್ಕೆ ಒತ್ತಿಬಿಡುತ್ತದೆ.

ಆಲೆಮನೆಯ ಗಾಣ ನೋಡಿದ್ದೀರಲ್ಲ. ಎರಡು ರೋಲು ಎದುರುಬದುರು ತಿರುಗುತ್ತವೆ, ಕಬ್ಬನ್ನು ಕಚ್ಚಿ ಎಳೆದುಕೊಳ್ಳುತ್ತವೆ. ಸ್ಟ್ಯಾಂಡ್ ಕೂಡ ಅಷ್ಟೇ. ಒಂದೇ ವ್ಯತ್ಯಾಸ: ಕಬ್ಬಿನಲ್ಲಿ ರಸ ಹೋಗಿ ಸಿಪ್ಪೆ ಉಳಿಯುತ್ತದೆ, ಇಲ್ಲಿ ಏನೂ ಹೋಗುವುದಿಲ್ಲ. ತೆಳ್ಳಗಾದಷ್ಟೂ ಉದ್ದವಾಗುತ್ತದೆ.

ಒಂದು ಸ್ಟ್ಯಾಂಡ್ ಅಡ್ಡ, ಮುಂದಿನದು ಲಂಬ. ಒಮ್ಮೆ ಮೇಲೆ ಕೆಳಗೆ ಒತ್ತುತ್ತದೆ, ಮತ್ತೊಮ್ಮೆ ಪಕ್ಕದಿಂದ. ಹೀಗಾಗಿ ಬಾರನ್ನು ತಿರುಚಬೇಕಾಗಿಲ್ಲ. ಚೌಕ ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ಓವಲ್, ದುಂಡು, ಓವಲ್, ದುಂಡು. ಒಂದೊಂದು ಸ್ಟ್ಯಾಂಡ್ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಕಡಿಮೆ ಮಾಡುತ್ತದೆ. ಆರನೇ ಸ್ಟ್ಯಾಂಡ್ ದಾಟುವಾಗ ಬಾರ್ ಸುಮಾರು 75 ಮಿ.ಮೀ. ದುಂಡಗಿರುತ್ತದೆ.

ಈಗ ಇಡೀ ಮಿಲ್ಲಿನ ಲೆಕ್ಕ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ತಾನಾಗಿ ಬರುತ್ತದೆ.

```
A1 × V1 = A2 × V2
```

A ಅಂದರೆ ಅಡ್ಡಕೊಯ್ತದ ವಿಸ್ತೀರ್ಣ, V ಅಂದರೆ ವೇಗ. ಬಿಲೆಟ್ 22,500 ಚದರ ಮಿ.ಮೀ. 16 ಮಿ.ಮೀ. ಸರಳು 201. ಭಾಗಿಸಿದರೆ ಸುಮಾರು 112. ಅಂದರೆ 12 ಮೀಟರ್ ಬಿಲೆಟ್ ಕೊನೆಗೆ 1,300 ಮೀಟರಿಗಿಂತ ಉದ್ದವಾಗುತ್ತದೆ. ಕೊನೆಯ ಸ್ಟ್ಯಾಂಡಿನಿಂದ ಸರಳು ಸೆಕೆಂಡಿಗೆ 12 ಮೀಟರ್ ಹೊರಬರುತ್ತಿದ್ದರೆ ಮೊದಲ ಸ್ಟ್ಯಾಂಡಿಗೆ ಬಿಲೆಟ್ ಸೆಕೆಂಡಿಗೆ ಬರೀ 11 ಸೆಂಟಿಮೀಟರಿನಂತೆ ಹೋಗುತ್ತಿರುತ್ತದೆ. ಬಾಲ ಇನ್ನೂ ಫರ್ನೇಸ್ ಬಾಗಿಲ ಹತ್ತಿರ ಇರುವಾಗಲೇ ತಲೆ ಕೂಲಿಂಗ್ ಬೆಡ್ ಮುಟ್ಟಿರುತ್ತದೆ.

ಹಾಗಾಗಿ ಎಲ್ಲ ಸ್ಟ್ಯಾಂಡುಗಳೂ ಒಂದೇ ಬಾರನ್ನು ಹಿಡಿದಿವೆ. ಮುಂದಿನ ಸ್ಟ್ಯಾಂಡ್ ಸ್ವಲ್ಪ ಜೋರಾದರೆ ಬಾರ್ ಎಳೆದು ಸಣ್ಣಗಾಗುತ್ತದೆ. ಹಿಂದಿನದು ಜೋರಾದರೆ ನಡುವೆ ಬಾರ್ ಮಡಚಿ ಏಳುತ್ತದೆ. ರಫಿಂಗಿನ ಬಾರ್ ದಪ್ಪ, ಅದು ಕುಣಿಕೆಯಾಗಿ ಬಾಗುವುದಿಲ್ಲ. ಅದಕ್ಕೇ ಇಲ್ಲಿ ಮೋಟರಿನ ಕರೆಂಟ್ ನೋಡಿಯೇ ಎಳೆತ ತಿಳಿಯಬೇಕು. ಬಾರ್ ಮುಂದಿನ ಸ್ಟ್ಯಾಂಡನ್ನು ಹಿಡಿದ ಕ್ಷಣ ಹಿಂದಿನ ಮೋಟರಿನ ಕರೆಂಟ್ ಇಳಿದರೆ ಮುಂದಿನದು ಎಳೆಯುತ್ತಿದೆ. ಏರಿದರೆ ಹಿಂದಿನದು ದೂಡುತ್ತಿದೆ. ಎರಡು ಸ್ಟ್ಯಾಂಡುಗಳ ವೇಗದ ಅನುಪಾತ ಪರದೆಯ ಮೇಲೆ `R-FACTOR` ಅಂತ ಕಾಣುತ್ತದೆ, ಆ ಅಂಕಿಯನ್ನು ಚೂರು ಚೂರೇ ತಿದ್ದಿ. ಒಂದೇ ಏಟಿಗೆ ಜಾಸ್ತಿ ತಿದ್ದುವ ಹುಡುಗರನ್ನು ಬಹಳ ನೋಡಿದ್ದೇನೆ. ನಾನೂ ಒಂದು ಕಾಲಕ್ಕೆ ಹಾಗೇ ಇದ್ದೆ.

ಇನ್ನು ಫಿನ್. ಪಾಸ್ ಅಂದರೆ ಬಾರ್ ಹಾಯಲು ರೋಲಿನಲ್ಲಿ ಕೊರೆದ ಜಾಗ. ಅದರಲ್ಲಿ ಉಕ್ಕು ತುಂಬಿ ಮಿಕ್ಕರೆ ರೋಲ್ ಸಂದಿನಿಂದ ಕಿವಿಯಂತೆ ಹೊರಗೆ ಬರುತ್ತದೆ. ಮುಂದಿನ ಸ್ಟ್ಯಾಂಡ್ ಆ ಕಿವಿಯನ್ನು ಮಡಚಿ ಮೈಯೊಳಗೆ ಒತ್ತುತ್ತದೆ. ಅದಕ್ಕೆ ಲ್ಯಾಪ್ ಅನ್ನುತ್ತಾರೆ. ಮೇಲಿನಿಂದ ಗೆರೆ ಮಾತ್ರ ಕಾಣುತ್ತದೆ, ಒಳಗೆ ಉಕ್ಕು ಬೆಸೆದಿರುವುದಿಲ್ಲ. ಸರಳನ್ನು ಬಗ್ಗಿಸಿದಾಗ ಅಲ್ಲೇ ಬಿರಿಯುತ್ತದೆ.

ಆರನೇ ಸ್ಟ್ಯಾಂಡ್ ಆದ ಮೇಲೆ ಕ್ರಾಪ್ ಶಿಯರ್. ತಲೆ ತಣ್ಣಗಾಗಿರುತ್ತದೆ, ಸೀಳಿರಲೂಬಹುದು. ಅದನ್ನು ಕತ್ತರಿಸಿ ಮುಂದೆ ಕಳಿಸಬೇಕು. ಇಂಟರ್‌ಮೀಡಿಯೆಟ್ ಸ್ಟ್ಯಾಂಡುಗಳಲ್ಲಿ ಹೊಸದೇನಿಲ್ಲ, ಇದೇ ಲೆಕ್ಕ ಇನ್ನಷ್ಟು ಸಣ್ಣ ಬಾರಿನಲ್ಲಿ.

ಫಿನಿಶಿಂಗ್: ಹದಿಮೂರರಿಂದ ಹದಿನೆಂಟು

ಇಲ್ಲಿ ಬಾರ್ ಸಣ್ಣದು, ವೇಗ ಜಾಸ್ತಿ. ಸೆಕೆಂಡಿಗೆ 12 ಮೀಟರ್ ಅಂದರೆ ಗಂಟೆಗೆ 43 ಕಿಲೋಮೀಟರ್. ದೇವಿಮನೆ ಘಟ್ಟ ಇಳಿಯುವ ಬಸ್ಸೂ ತಿರುವಿನಲ್ಲಿ ಇಷ್ಟು ಜೋರಾಗಿ ಹೋಗುವುದಿಲ್ಲ. ಇಲ್ಲಿ ಎಳೆತ ಇರಲೇಬಾರದು. ಅದಕ್ಕೆ ಸ್ಟ್ಯಾಂಡುಗಳ ನಡುವೆ ಲೂಪರ್ ಇದೆ. ಬಾರನ್ನು ಮೇಲಕ್ಕೆ ಕಮಾನಿನಂತೆ ಎತ್ತಿ ಹಿಡಿದು, ಅದರ ಎತ್ತರ ನೋಡಿ ಹಿಂದಿನ ಸ್ಟ್ಯಾಂಡುಗಳ ವೇಗವನ್ನು ತಾನೇ ತಿದ್ದುತ್ತದೆ. ಪರದೆಯ `LOOP HEIGHT` ಗೆರೆ ಹೆಚ್ಚುಕಡಿಮೆ ನೆಟ್ಟಗಿರಬೇಕು.

ಆ ಗೆರೆ ಅಲೆಯಂತೆ, ಒಂದೇ ಅಂತರದಲ್ಲಿ ಏರಿ ಇಳಿಯುತ್ತಿದ್ದರೆ? ನಾನು ಕೆಲಸ ಕಲಿತ ಮಿಲ್ಲಿನಲ್ಲಿ ಒಮ್ಮೆ ಹೀಗಾಯಿತು. ಹದಿನಾಲ್ಕನೇ ಸ್ಟ್ಯಾಂಡಿನಲ್ಲಿ ಒಂದೇ ಪಾಳಿಯಲ್ಲಿ ಮೂರು ಕಾಬಲ್, ಅಂದರೆ ಮೂರು ಸಲ ಬಾರ್ ದಾರಿ ತಪ್ಪಿ ಹಾರಿತು. ಗೈಡ್ ಬದಲಿಸಿದೆವು, ಪಾಸ್ ಬದಲಿಸಿದೆವು, ಲೂಪರಿಗೆ ಬೈದೆವು. ಕೊನೆಗೆ ಒಬ್ಬ ಹಿರಿಯ ಫೋರ್‌ಮನ್ ಬಂದು ಮೊದಲ ಸ್ಟ್ಯಾಂಡಿನ ಕರೆಂಟ್ ಗೆರೆ ತೋರಿಸಿದರು. ಅಲ್ಲೂ ಅದೇ ಅಲೆ. ಫರ್ನೇಸಿನಲ್ಲಿ ಬಿಲೆಟ್ ಕೂರುವ ಬೀಮುಗಳ ಒಳಗೆ ತಣ್ಣೀರು ಹರಿಯುತ್ತದೆ. ಬೀಮು ತಾಗಿದ ಜಾಗ ಸ್ವಲ್ಪ ತಣ್ಣಗೇ ಉಳಿಯುತ್ತದೆ. ಅದಕ್ಕೆ ಸ್ಕಿಡ್ ಮಾರ್ಕ್ ಅನ್ನುತ್ತಾರೆ. ಆ ದಿನ ಉತ್ಪಾದನೆಯ ಅವಸರಕ್ಕೆ ಸೋಕಿಂಗ್ ಸಮಯ ಕಡಿಮೆ ಮಾಡಿದ್ದರು. ತಣ್ಣಗಿನ ಜಾಗ ಗಟ್ಟಿ, ರೋಲಿಗೆ ಅಷ್ಟು ಬಗ್ಗುವುದಿಲ್ಲ, ಬಾರ್ ಅಲ್ಲಿ ದಪ್ಪವಾಗುತ್ತದೆ. ಹದಿನಾಲ್ಕರಲ್ಲಿ ಕಂಡ ರೋಗ ಹುಟ್ಟಿದ್ದು ಫರ್ನೇಸಿನಲ್ಲಿ. ಅವತ್ತಿನಿಂದ ನಾನು ಯಾವ ತೊಂದರೆ ಬಂದರೂ ಮೊದಲು ಹಿಂದಕ್ಕೆ ನಡೆದು ನೋಡುತ್ತೇನೆ.

ಕಾಬಲ್ ಆದಾಗ

ಬಾರ್ ದಾರಿ ತಪ್ಪಿ ಮೇಲೆ ಹಾರುವುದೇ ಕಾಬಲ್. ಕೆಂಪು ಹಗ್ಗ ಗಾಳಿಯಲ್ಲಿ ಸುತ್ತಿದಂತೆ ಕಾಣುತ್ತದೆ. ನೋಡುತ್ತಾ ನಿಲ್ಲಬೇಡಿ. ಕಂಟ್ರೋಲ್ ರೂಮಿನಲ್ಲಿ, ಅಂದರೆ ಪಲ್ಪಿಟ್‌ನಲ್ಲಿರುವವರು ಕೂಡಲೇ ಕಾಬಲ್ ಶಿಯರ್ ಒತ್ತಬೇಕು. ಹಿಂದಿನಿಂದ ಬರುವ ಬಾರನ್ನು ಅದು ತುಂಡು ತುಂಡು ಮಾಡುತ್ತದೆ. ಆಮೇಲೆ ಫರ್ನೇಸಿಗೆ ಹೇಳಿ ಬಿಲೆಟ್ ನಿಲ್ಲಿಸಿ. ಮಿಲ್ ಓಡುವಾಗ ಹಳದಿ ಗೆರೆಯ ಒಳಗೆ ಯಾರೂ ಇರಕೂಡದು, ಫೋಟೋ ತೆಗೆಯಲಿಕ್ಕೂ ಸಹ.

ಎಲ್ಲ ಸ್ಟ್ಯಾಂಡ್ ನಿಂತು, ಕರೆಂಟ್ ತೆಗೆದು, ನಿಮ್ಮ ಬೀಗ ನೀವೇ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿ ಇದ್ದ ಮೇಲೆಯೇ ಗ್ಯಾಸ್ ಕಟ್ಟರ್ ಹಿಡಿದು ಹೋಗಿ. ಕಪ್ಪಾದ ಬಾರ್ ತಣ್ಣಗಾಗಿದೆ ಅಂದುಕೊಳ್ಳಬೇಡಿ. ಕೆಂಪು ಹೋದ ಮೇಲೂ ಅದು 400 ಡಿಗ್ರಿ ಇರಬಹುದು. ಹತ್ತಿ ಬಟ್ಟೆಯೇ ಹಾಕಿ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಕೊನೆಯ ಸ್ಟ್ಯಾಂಡ್ ಆದ ಮೇಲೆ

ಸರಳಿನ ಮೇಲಿನ ಏಣುಗಳು ಮೂಡುವುದು ಹದಿನೆಂಟರಲ್ಲಿ, ರೋಲಿನಲ್ಲಿ ಕೊರೆದ ಗೀರುಗಳಿಂದ. ಅಲ್ಲಿಂದ ಸರಳು ವಾಟರ್ ಬಾಕ್ಸ್ ಹಾಯುತ್ತದೆ. ನೀರು ಹೊರಮೈಯನ್ನು ಥಟ್ಟನೆ ತಣಿಸಿ ಗಟ್ಟಿ ಮಾಡುತ್ತದೆ. ಒಳಗಿನ ಬಿಸಿ ಹಾಗೇ ಇರುತ್ತದೆ. ಕೂಲಿಂಗ್ ಬೆಡ್ ಮೇಲೆ ಆ ಬಿಸಿ ಹೊರಕ್ಕೆ ಬಂದು ಗಟ್ಟಿ ಪದರದ ಪೆಡಸುತನ ಕಡಿಮೆ ಮಾಡುತ್ತದೆ. ಹೊರಗೆ ಗಟ್ಟಿ, ಒಳಗೆ ಬಾಗುವ ಗುಣ.

ಪ್ರತಿ ಸಲ ಸೈಜ್ ಬದಲಾದಾಗ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ. ಬಾಯಿಲೆಕ್ಕ ಇದು:

```
D × D ÷ 162 = kg/m
```

16 ಮಿ.ಮೀ.ಗೆ 1.58 ಕಿಲೋ. ತೂಕ ಕಡಿಮೆ ಬಂದು ಏಣೂ ತುಂಬಿಲ್ಲ ಅಂದರೆ ಹದಿನೆಂಟರ ರೋಲ್ ಗ್ಯಾಪಿಗೆ ಕೈ ಹಾಕುವ ಮೊದಲು ಹದಿನೇಳರಿಂದ ಬರುವ ಓವಲ್ ಅಳೆಯಿರಿ. ಅದೂ ಸಣ್ಣಗಿದ್ದರೆ ಹದಿನಾರಕ್ಕೆ ಹೋಗಿ, ನಡುವಿನ ಲೂಪರ್ ಸತ್ತು ಬಾರ್ ಎಳೆಯುತ್ತಿದೆಯಾ ನೋಡಿ. ಅಲ್ಲೂ ಎಲ್ಲ ಸರಿ ಇದ್ದರೆ ಫರ್ನೇಸಿನವರಿಗೆ ಫೋನ್ ಮಾಡಿ, ಈಗಿನ ಬಿಲೆಟ್ ಎಷ್ಟು ಡಿಗ್ರಿಗೆ ಹೊರಬಿತ್ತು ಅಂತ ಕೇಳಿ.