ತಾತನ ಲೆಕ್ಕ

ಬೆಳಗ್ಗೆ ಐದೂವರೆಗೆಲ್ಲ ತಾತ ಜಗಲಿ ಮೇಲೆ ಕೂತಿರುತ್ತಾರೆ. ಸ್ನಾನ ಆಗಿರುತ್ತದೆ. ಹಣೆಯ ನಾಮ ಇನ್ನೂ ಹಸಿ. ಬಲಗೈಯಲ್ಲಿ ತುಳಸಿಮಾಲೆ, ಅದರ ಮೇಲೆ ಬಿಳಿ ಟವೆಲ್. ಜಪ ಮಾಡುವ ಕೈ ಯಾರ ಕಣ್ಣಿಗೂ ಬೀಳಬಾರದಲ್ವಾ, ಅದಕ್ಕೆ.

ಓಂ ನಮೋ ನಾರಾಯಣಾಯ. ತುಟಿ ಮಾತ್ರ ಅಲ್ಲಾಡುತ್ತದೆ. ಟವೆಲ್ ಒಳಗೆ ಹೆಬ್ಬೆರಳು ಒಂದೊಂದೇ ಮಣಿ ಸರಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ತುಟಿ ನಿಲ್ಲುತ್ತದೆ.

"ಎಷ್ಟಾಯ್ತೋ..."

ಮತ್ತೆ ಮೊದಲಿಂದ ಶುರು. ಬಿಸಿಲು ಜಗಲಿಗೆ ಬಂದು ಕಾಲಿಗೆ ತಾಕುವವರೆಗೂ ಹೀಗೇ. ದಿನಾ.

ಅಜ್ಜಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮೈಸೂರಿನ ಕೆಲಸಕ್ಕೆ ಹದಿನೈದು ದಿನ ರಜೆ ಹಾಕಿ ನಾನು ಪಾಂಡವಪುರದ ಕಡೆಯ ನಮ್ಮ ಊರಿಗೆ ಬಂದಿದ್ದೆ. ತಾತನಿಗೆ ಮರೆವು ಶುರುವಾಯಿತೇನೋ ಅಂತ ಭಯವಾಯಿತು. ಸುಮ್ನೆ ಏನೇನೋ ಕೇಳಿ ನೋಡಿದೆ. ಹೋದ ವರ್ಷ ಕೂಳೆ ಕಬ್ಬು ಎಷ್ಟು ಟನ್ ಬಂತು, ನಾಲೆ ನೀರು ನಮ್ಮ ಗದ್ದೆಗೆ ಯಾವ ದಿನ ತಿರುಗುತ್ತದೆ, ಕೆಂಪು ಹಸು ಕರು ಹಾಕಿದ್ದು ಯಾವಾಗ. ಎಲ್ಲಕ್ಕೂ ತಡವರಿಸದೆ ಹೇಳಿದರು. ತಪ್ಪುವುದು ಮಣಿಯ ಲೆಕ್ಕ ಒಂದೇ.

ಪೇಟೆಯಿಂದ ಬೆರಳಿಗೆ ಹಾಕಿಕೊಳ್ಳುವ ಎಣಿಸೋ ಮಿಷನ್ ತಂದುಕೊಟ್ಟೆ. ಎರಡು ದಿನ ಹಾಕಿಕೊಂಡರು. ಮೂರನೇ ದಿನ ವಾಪಸ್ ನನ್ನ ಕೈಗಿಟ್ಟರು.

"ಬಟನ್ ಒತ್ತಿದೆನಾ ಇಲ್ವಾ ಅಂತ ಅದ್ರ ಮ್ಯಾಲೇ ಗ್ಯಾನ ಹೋಯ್ತದೆ ಕಣವ್ವ. ಸ್ವಾಮಿ ಮ್ಯಾಲೆ ನಿಲ್ಲಲ್ಲ."

ಭಾನುವಾರ ಮಧ್ಯಾಹ್ನ ನೋಡಿದರೆ ಮಾಲೆಯ ದಾರ ಸವೆದು ಎಳೆ ಬಿಟ್ಟಿತ್ತು. ಹೊಸ ದಾರಕ್ಕೆ ಪೋಣಿಸಿಕೊಡುತ್ತೇನೆ ಅಂತ ತಟ್ಟೆಗೆ ಸುರಿದುಕೊಂಡೆ. ತಾತ ಹುಡುಗನಾಗಿದ್ದಾಗ ಮೇಲುಕೋಟೆಯಿಂದ ತಂದ ಮಣಿಗಳು. ಕೈ ಬೆವರು ಕುಡಿದು ಕುಡಿದು ಹುರಿದ ಕಡಲೆಬೀಜದ ಬಣ್ಣಕ್ಕೆ ಬಂದಿವೆ. ಹತ್ತತ್ತರ ಗುಂಪು ಮಾಡಿ ಎಣಿಸಿದೆ. ನೂರೆಂಟು, ಸರಿಯಾಗಿದೆ. ಆದರೆ ಮೇರು ಮಣಿ ಇಲ್ಲ.

ಮಾಲೆಗೆ ನೂರೆಂಟು ಮಣಿ ಆದ ಮೇಲೆ ದಪ್ಪಗೆ ಇನ್ನೊಂದು ಇರುತ್ತದೆ. ಅದೇ ಮೇರು. ಬೆರಳಿಗೆ ಅದು ಸಿಕ್ಕಿದರೆ ಒಂದು ಸುತ್ತು ಮುಗಿಯಿತು. ಅದನ್ನು ದಾಟುವ ಹಾಗಿಲ್ಲ, ಮಾಲೆ ತಿರುಗಿಸಿಕೊಂಡು ವಾಪಸ್ ಬರಬೇಕು. ತಾತನ ಮಾಲೆಯಲ್ಲಿ ಆ ಜಾಗದಲ್ಲಿ ಇದ್ದದ್ದು ಸಣ್ಣ ಗಂಟು. ವರ್ಷಗಟ್ಟಲೆ ಕಬ್ಬು ಕಡಿದು ಕಾಯಿಗಟ್ಟಿದ ಬೆರಳಿಗೆ ಆ ಗಂಟು ಎಲ್ಲಿ ಗೊತ್ತಾಗಬೇಕು?

"ಮೇರು ಏನಾಯ್ತು ತಾತ?"

ತಾತ ನನ್ನ ಮುಖ ನೋಡಿದರು. "ನೀನೇ ಕಿತ್ತಾಕಿದ್ದು. ಹತ್ತು ತಿಂಗಳ ಮಗ ನೀನು. ತೊಡೆ ಮ್ಯಾಲೆ ಕೂತ್ಕಂಡು ಹಿಡ್ಕೊಂಡು ಎಳೆದೆ. ಎಲ್ಲಾ ಮಣಿ ಸಿಕ್ವು, ಅದೊಂದು ಸಿಗ್ಲಿಲ್ಲ. ಹೊಸದು ತರ್ತೀನಿ ಅಂದೆ. ನಿಮ್ಮಜ್ಜಿ, ಯಾಕೆ, ನಾನಿಲ್ವಾ ಅಂದ್ಲು."

ಎದ್ದು ದೇವರ ಗೂಡಿನಿಂದ ಮರದ ಭರಣಿ ತಂದರು. ಅಜ್ಜಿ ಕುಂಕುಮ ಇಡುತ್ತಿದ್ದ ಭರಣಿ. ಒಳಗೆ ಒಂಬತ್ತು ಹುಣಸೆಬೀಜ. ಅಂಚೆಲ್ಲ ಸವೆದು ನುಣ್ಣಗಾಗಿದ್ದವು.

ನನಗೆ ಆಗ ಹೊಳೆಯಿತು. ಬೆಳಗ್ಗೆ ಅಜ್ಜಿ ಜಗಲಿ ಕಂಬಕ್ಕೆ ಒರಗಿ ಕೂತು ಹೆಬ್ಬೆರಳಲ್ಲಿ ಬೆರಳಿನ ಗೆಣ್ಣು ಮುಟ್ಟುತ್ತಿದ್ದರು. ಡೇರಿ ಹಾಲಿನ ಲೆಕ್ಕ ಹಾಕುತ್ತಾರೆ ಅಂದುಕೊಂಡಿದ್ದೆ ನಾನು. ಅವರು ನೋಡುತ್ತಿದ್ದದ್ದು ತಾತನ ತುಟಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಹನ್ನೆರಡು. ಹನ್ನೆರಡಾದರೆ ಒಂದು ಬೀಜ. ಒಂಬತ್ತು ಬೀಜಕ್ಕೆ ನೂರೆಂಟು. ಆಮೇಲೆ "ಆಯ್ತು, ಏಳಿ ಮೇಲಕ್ಕೆ" ಅನ್ನೋರು. ಆ ಮಾತು ನನಗೆ ಚೆನ್ನಾಗಿ ನೆನಪಿದೆ. ಕಾಫಿಗೆ ಕರೆಯುತ್ತಿದ್ದಾರೆ ಅಂತಲೇ ತಿಳಿದಿದ್ದೆ.

ತಾತ ಎಣಿಸಿದವರೇ ಅಲ್ಲ. ಇಪ್ಪತ್ನಾಲ್ಕು ವರ್ಷ ಅವರು ಬರೀ ಹೆಸರು ಹೇಳಿದ್ದಾರೆ, ಲೆಕ್ಕ ಅಜ್ಜಿಯದು.

ಮಾರನೇ ದಿನ ಕಂಬಕ್ಕೆ ಒರಗಿ ನಾನು ಕೂತೆ. ತಾತ ಏನೂ ಹೇಳಲಿಲ್ಲ, ಟವೆಲ್ ಸರಿಮಾಡಿಕೊಂಡರು ಅಷ್ಟೆ. ತುಟಿ ನೋಡುತ್ತಾ ಗೆಣ್ಣು ಮುಟ್ಟುತ್ತಾ ಹೋದೆ. ಐದನೇ ಬೀಜಕ್ಕೆ ಹಾಲಿನ ವ್ಯಾನ್ ಹಾರ್ನ್ ಹೊಡೆಯಿತು. ಕಣ್ಣು ಕೀಳಲಿಲ್ಲ ನಾನು. ಒಂಬತ್ತನೇ ಬೀಜ ಇಟ್ಟ ಮೇಲೆ ಅಜ್ಜಿಯ ಮಾತು ಬಾಯಿಗೆ ಬಂತು, ಹೇಳಲು ಆಗಲಿಲ್ಲ.

"ಆಯ್ತು ತಾತ."

ತಾತ ಕಣ್ಣು ಬಿಟ್ಟರು. ಮಾಲೆ ಕಣ್ಣಿಗೊತ್ತಿಕೊಂಡರು. ಸ್ವಲ್ಪ ಹೊತ್ತು ರಸ್ತೆ ಕಡೆ ನೋಡುತ್ತಾ ಕೂತರು. ಆಮೇಲೆ ಬೀಜಗಳನ್ನೆಲ್ಲ ಬಾಚಿ ಭರಣಿಗೆ ಹಾಕಿ ನನ್ನ ಕಡೆ ತಳ್ಳಿದರು.

"ಇನ್ನೊಂದು ಸುತ್ತು ಕೂತ್ಕೊತೀಯಾ?"