ಎರಡು ಸಲ ಪಾವತಿಯಾದ ಬೋಧನಾ ಶುಲ್ಕ: ಒಂದನ್ನು ವಾಪಸ್ ಮಾಡುವಂತೆ ಕೋರಿ ಪತ್ರ

ಮೈಸೂರು
20 ಆಗಸ್ಟ್ 2025

ಇವರಿಂದ
ಕಾವ್ಯಾ ಎಸ್.
ಬಿ.ಕಾಂ. ಎರಡನೇ ವರ್ಷ, 'ಬಿ' ವಿಭಾಗ
ನೋಂದಣಿ ಸಂಖ್ಯೆ 24117
ಕಾಲೇಜು ಹಾಸ್ಟೆಲ್

ಇವರಿಗೆ
ಅಧೀಕ್ಷಕರು
ಲೆಕ್ಕಪತ್ರ ವಿಭಾಗ

ವಿಷಯ: ಆಗಸ್ಟ್ 11ರಂದು ಆನ್‌ಲೈನ್ ಪೋರ್ಟಲ್ ಮೂಲಕ ಎರಡು ಸಲ ಪಾವತಿಯಾದ 38,500 ರೂಪಾಯಿ ಬೋಧನಾ ಶುಲ್ಕದಲ್ಲಿ ಒಂದನ್ನು ಮರಳಿಸುವ ಬಗ್ಗೆ.

ಮಾನ್ಯರೇ,

ನನ್ನ ಎರಡನೇ ವರ್ಷದ ಬೋಧನಾ ಶುಲ್ಕ 38,500 ರೂಪಾಯಿ. ಅದು ಎರಡು ಸಲ ಪಾವತಿಯಾಗಿ, ಕಾಲೇಜಿಗೆ ಒಟ್ಟು 77,000 ರೂಪಾಯಿ ಬಂದಿದೆ. ಸೋಮವಾರ ಕೌಂಟರ್‌ನಲ್ಲಿ ವಿಚಾರಿಸಿದಾಗ ಅಲ್ಲಿದ್ದ ಮೇಡಂ ನನ್ನ ಮಾತನ್ನು ಸಮಾಧಾನವಾಗಿ ಕೇಳಿದರು. ಎಲ್ಲವನ್ನೂ ಬರೆದು ಕೊಡಿ ಎಂದರು. ಅದಕ್ಕೇ ಈ ಪತ್ರ.

ಆಗಸ್ಟ್ 11 ಶುಲ್ಕ ಕಟ್ಟಲು ಕೊನೇ ದಿನವಾಗಿತ್ತು. ಮಾರನೇ ದಿನದಿಂದ 500 ರೂಪಾಯಿ ದಂಡ ಎಂದು ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ದರು. ಕೊಬ್ಬರಿ ಮಾರಿದ ದುಡ್ಡು ಅಪ್ಪನ ಕೈಗೆ ಬಂದದ್ದೇ ಆವತ್ತು ಸಂಜೆ. ರಾತ್ರಿ 8.42ಕ್ಕೆ ಅಪ್ಪನ ಖಾತೆಯಿಂದ ಯುಪಿಐನಲ್ಲಿ ಕಟ್ಟಿದೆವು. ತಿಪಟೂರಿನಲ್ಲಿದ್ದ ಅಪ್ಪನ ಮೊಬೈಲ್‌ಗೆ ಹಣ ಕಡಿತವಾದ ಮೆಸೇಜ್ ಬಂತು. ಆದರೆ ಪೋರ್ಟಲ್‌ನಲ್ಲಿ Pending ಎಂದೇ ಇತ್ತು. ರಶೀದಿ ಬರಲಿಲ್ಲ. ಹೊರಗೆ ಬಂದು ಮತ್ತೆ ಲಾಗಿನ್ ಆದರೂ 38,500 ಬಾಕಿ ಎಂದೇ ತೋರಿಸುತ್ತಿತ್ತು. ಕಾಲೇಜಿನ ಫೋನ್‌ಗೆ ಆ ಹೊತ್ತಿನಲ್ಲಿ ಯಾರೂ ಸಿಗುವುದಿಲ್ಲ ಅಲ್ವಾ? ದಂಡ ಬೀಳುತ್ತದೆ ಎನ್ನುವುದಕ್ಕಿಂತ, ಶುಲ್ಕ ಬಾಕಿ ಇರುವವರ ಪಟ್ಟಿಗೆ ನನ್ನ ಹೆಸರು ಸೇರುತ್ತದೆ ಎನ್ನುವ ಭಯವೇ ಜಾಸ್ತಿ ಆಯಿತು.

ಅಪ್ಪನ ಖಾತೆಯಲ್ಲಿ ಇನ್ನೊಂದು ಸಲ ಕಟ್ಟುವಷ್ಟು ದುಡ್ಡು ಇರಲಿಲ್ಲ. ತಿಪಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಹಿಂದೆಮುಂದೆ ನೋಡದೆ ಅವರೇ ನನ್ನ ಲಾಗಿನ್‌ನಿಂದ ತಮ್ಮ ಡೆಬಿಟ್ ಕಾರ್ಡ್‌ನಲ್ಲಿ 9.17ಕ್ಕೆ ಕಟ್ಟಿದರು. ಅದು ತಕ್ಷಣ Success ಆಯಿತು, ರಶೀದಿಯೂ ಬಂತು. ಮೊದಲಿನದು ಹೇಗೂ ವಾಪಸ್ ಬರುತ್ತದೆ, ಬಂದ ಕೂಡಲೇ ಮಾವನಿಗೆ ಕೊಡೋಣ ಎಂದುಕೊಂಡು ಮಲಗಿದೆವು. ಮಾರನೇ ದಿನ ಸಂಜೆ ನೋಡಿದರೆ ಮೊದಲಿನ ಪಾವತಿಯೂ Success ಆಗಿತ್ತು.

ಎರಡರ ವಿವರ ಹೀಗಿದೆ:

ಮೊದಲನೆಯದು: 11-8-2025, ರಾತ್ರಿ 8.42, ಯುಪಿಐ, ಅಪ್ಪನ ಖಾತೆಯಿಂದ 38,500 ರೂಪಾಯಿ. ಯುಟಿಆರ್ ಸಂಖ್ಯೆ 522341780962.
ಎರಡನೆಯದು: 11-8-2025, ರಾತ್ರಿ 9.17, ಡೆಬಿಟ್ ಕಾರ್ಡ್, ಸೋದರಮಾವನ ಖಾತೆಯಿಂದ 38,500 ರೂಪಾಯಿ. ಪೋರ್ಟಲ್‌ನ ವಹಿವಾಟು ಸಂಖ್ಯೆ 70418835.

ಕಾರ್ಡ್‌ಗೆ ಸೇವಾ ಶುಲ್ಕವೆಂದು ಇನ್ನೂ 227 ರೂಪಾಯಿ ಹೋಗಿದೆ. ಅದನ್ನು ನಾನು ಕೇಳುತ್ತಿಲ್ಲ.

ಅಪ್ಪ 13ನೇ ತಾರೀಖು ಬ್ಯಾಂಕಿಗೆ ಹೋಗಿ ಕೇಳಿದರು. ಹಣ ಕಡಿತವಾಗಿ, ಪಾವತಿ ಖಚಿತವಾದ ಸುದ್ದಿ ಕಾಲೇಜಿಗೆ ತಲುಪದೇ ಇದ್ದಿದ್ದರೆ, ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದಂತೆ ಐದು ದಿನದೊಳಗೆ ಅದು ತಾನಾಗಿಯೇ ವಾಪಸ್ ಬರಬೇಕಿತ್ತು. ನಮ್ಮದು ಹಾಗಲ್ಲ. ಎರಡೂ ಪಾವತಿ ಸರಿಯಾಗಿ ಮುಗಿದು ಹಣ ಕಾಲೇಜಿಗೆ ಸೇರಿದೆ, ಇನ್ನು ಬ್ಯಾಂಕ್ ಏನೂ ಮಾಡಲಾಗದು, ಕಾಲೇಜಿನವರೇ ಪೇಮೆಂಟ್ ಗೇಟ್‌ವೇ ಮೂಲಕ ರೀಫಂಡ್ ಹಾಕಬೇಕು ಎಂದು ಹೇಳಿ ಕಳಿಸಿದರು. ಆದರೂ ಏನಾದರೂ ಬರಬಹುದೇನೋ ಎಂದು ಐದು ದಿನ ಕಾದೆವು. ಬರಲಿಲ್ಲ.

ಜಾಸ್ತಿಯಾದ ಹಣವನ್ನು ಮುಂದಿನ ವರ್ಷದ ಶುಲ್ಕಕ್ಕೆ ಹೊಂದಿಸಿಕೊಳ್ಳಬಹುದು ಎಂದು ಕೌಂಟರ್‌ನಲ್ಲಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ನಮ್ಮದೇ ದುಡ್ಡಾಗಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ಇದು ಮಾವನ ಅಂಗಡಿಯ ದುಡ್ಡು. ದಸರೆಗೆ ಸಾಮಾನು ತರಿಸಲು ಎತ್ತಿಟ್ಟದ್ದು. ಅವರು ಇದುವರೆಗೂ ಒಂದು ಮಾತು ಕೇಳಿಲ್ಲ. ಅವರು ಕೇಳದೇ ಇರುವುದೇ ನಮಗೆ ಕಷ್ಟವಾಗಿದೆ. ಮುಂದಿನ ವರ್ಷದ ತನಕ ಅವರನ್ನು ಕಾಯಿಸಲು ಅಪ್ಪನಿಗೂ ನನಗೂ ಮನಸ್ಸಿಲ್ಲ.

ಆದ್ದರಿಂದ ಎರಡನೇ ಪಾವತಿಯನ್ನು, ಅಂದರೆ ಕಾರ್ಡ್‌ನಲ್ಲಿ ಕಟ್ಟಿದ್ದನ್ನು, ರೀಫಂಡ್ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಪಾವತಿಗೆ ರೀಫಂಡ್ ಹಾಕುತ್ತೀರೋ ಹಣ ಆ ಖಾತೆಗೇ ಹೋಗುತ್ತದೆ ಎಂದು ಬ್ಯಾಂಕಿನಲ್ಲಿ ತಿಳಿಸಿದರು. ಅಪ್ಪನ ಖಾತೆಯಿಂದ ಪಂಪ್‌ಸೆಟ್ ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ತಾನಾಗಿಯೇ ಕಡಿತವಾಗುತ್ತದೆ. ಹಣ ಅಲ್ಲಿಗೆ ಬಂದರೆ ಒಂದಷ್ಟು ಕಂತಿಗೇ ಹೋಗಿಬಿಡುತ್ತದೆ, ಮಾವನಿಗೆ ಪೂರ್ತಿ ಸಿಗುವುದಿಲ್ಲ. ಎರಡನೆಯದನ್ನೇ ಎಂದು ಒತ್ತಿ ಬರೆಯುತ್ತಿರುವುದು ಇದಕ್ಕಾಗಿ. ಆಗ ರಶೀದಿಯನ್ನು ಮೊದಲ ಪಾವತಿಯ ಹೆಸರಿಗೆ ಬದಲಿಸಬೇಕಾಗುತ್ತದೆ. ನಿಮಗೆ ಸ್ವಲ್ಪ ಕೆಲಸ ಜಾಸ್ತಿಯಾಗುತ್ತದೆ, ದಯವಿಟ್ಟು ಮಾಡಿಕೊಡಿ.

ಗೇಟ್‌ವೇ ಮೂಲಕ ಆಗುವುದಿಲ್ಲ ಎಂದಾದರೆ ಮಾವನ ಖಾತೆಗೆ ನೆಫ್ಟ್ ಮಾಡಬಹುದು. ಅವರ ಒಪ್ಪಿಗೆ ಪತ್ರ ಮತ್ತು ಪಾಸ್‌ಬುಕ್‌ನ ಮೊದಲ ಪುಟ ಇದರ ಜೊತೆಗಿದೆ. ಪೂರ್ತಿ ವಾಪಸ್ ಕೊಡಲು ಕಾಲೇಜಿನ ನಿಯಮದಲ್ಲಿ ಅವಕಾಶವೇ ಇಲ್ಲವೆಂದರೆ ಇನ್ನೊಂದು ದಾರಿ ಇದೆ. ಸೆಪ್ಟೆಂಬರ್‌ನಲ್ಲಿ ನಾನು 21,000 ರೂಪಾಯಿ ಹಾಸ್ಟೆಲ್ ಶುಲ್ಕ ಕಟ್ಟಬೇಕು. ಅಷ್ಟನ್ನು ಅದಕ್ಕೆ ಹೊಂದಿಸಿಕೊಂಡು ಉಳಿದ 17,500 ಮಾತ್ರ ಮರಳಿಸಿ. ಹಾಸ್ಟೆಲ್‌ಗೆಂದು ಅಪ್ಪ ಇಟ್ಟುಕೊಳ್ಳುವ ದುಡ್ಡನ್ನು ಮಾವನಿಗೆ ಕೊಡುತ್ತಾರೆ. ಮುಂದಿನ ವರ್ಷದ ಬೋಧನಾ ಶುಲ್ಕಕ್ಕೆ ಮಾತ್ರ ಬೇಡ.

ಇನ್ನೊಂದು ವಿಷಯ. ಪೋರ್ಟಲ್‌ನಲ್ಲಿ ಈಗ ನನ್ನ ಹೆಸರಿನ ಮುಂದೆ 77,000 ಪಾವತಿ ಎಂದು ಕಾಣುತ್ತಿದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ನಾನು ಅರ್ಜಿ ಹಾಕಬೇಕು. ಅಲ್ಲಿ ಕಟ್ಟಿದ ಶುಲ್ಕದ ಮೊತ್ತವನ್ನೂ ರಶೀದಿ ಸಂಖ್ಯೆಯನ್ನೂ ಕೊಡಬೇಕು. ನಾನು ಒಂದು ಮೊತ್ತ ಬರೆದು, ಕಾಲೇಜಿನ ಲೆಕ್ಕದಲ್ಲಿ ಇನ್ನೊಂದು ಇದ್ದರೆ ಅರ್ಜಿ ಎಲ್ಲಿ ನಿಂತುಹೋಗುತ್ತದೋ ಎಂದು ಹೆದರಿಕೆ. ರೀಫಂಡ್‌ಗೆ ಸ್ವಲ್ಪ ದಿನ ಹಿಡಿದರೂ, 38,500ಕ್ಕೆ ಸರಿಯಾದ ರಶೀದಿಯನ್ನು ಈ ವಾರವೇ ಕೊಟ್ಟರೆ ತುಂಬಾ ಉಪಕಾರವಾಗುತ್ತದೆ.

ಆವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ನನ್ನ ಹಾಗೆಯೇ ಗಾಬರಿಯಾದವರು ಇನ್ನೂ ಇಬ್ಬರಿದ್ದರು. ಅವರು ಮಾತ್ರ ಎರಡನೇ ಸಲ ಕಟ್ಟಲಿಲ್ಲ. ಪಾವತಿ Pending ಇದ್ದರೆ ಒಂದು ದಿನ ಕಾಯಿರಿ, ದಂಡ ಹಾಕುವುದಿಲ್ಲ ಎಂದು ಪೋರ್ಟಲ್‌ನ ಆ ಪುಟದಲ್ಲೇ ಒಂದು ಸಾಲು ಹಾಕಿಸಿದರೆ ಮುಂದಿನ ಸಲ ಯಾರಿಗೂ ಹೀಗಾಗುವುದಿಲ್ಲ.

ರೀಫಂಡ್ ಹಾಕಿದ ಮೇಲೆ ಅದರ ಸಂಖ್ಯೆಯನ್ನು ತಿಳಿಸಿದರೆ ಮಾವ ತಮ್ಮ ಬ್ಯಾಂಕಿನಲ್ಲಿ ನೋಡಿಕೊಳ್ಳುತ್ತಾರೆ. ಪ್ರವೇಶ ಅರ್ಜಿಯಲ್ಲಿ ಕೊಟ್ಟಿರುವ ಮೊಬೈಲ್ ನಂಬರ್ ನನ್ನ ಬಳಿಯೇ ಇದೆ. ಮಧ್ಯಾಹ್ನ 1.30ರ ಮೇಲೆ ತರಗತಿ ಇರುವುದಿಲ್ಲ. ಕರೆದರೆ ಕೂಡಲೇ ಬರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ
ಕಾವ್ಯಾ ಎಸ್.

ಲಗತ್ತುಗಳು: ಪೋರ್ಟಲ್ ರಶೀದಿಯ ಪ್ರತಿ, ಎರಡೂ ಪಾವತಿ ಕಾಣುವ ಪುಟದ ಪ್ರಿಂಟ್, ಅಪ್ಪನ ಮತ್ತು ಮಾವನ ಖಾತೆಗಳ ಆಗಸ್ಟ್ 11ರ ಸ್ಟೇಟ್‌ಮೆಂಟ್, ಮಾವನ ಒಪ್ಪಿಗೆ ಪತ್ರ, ಅವರ ಪಾಸ್‌ಬುಕ್‌ನ ಮೊದಲ ಪುಟ.

ಪ್ರತಿ: ಪ್ರಾಂಶುಪಾಲರಿಗೆ, ಮಾಹಿತಿಗಾಗಿ.